ಮನೆಯೊಡೆಯನಿಗೊಂದು ಕಾಗದ

ಬಾಡಿಗೆಯ ಮನೆಯಲ್ಲಿ ನೀರು ಕಾಯಿಸುವ ಗೀಸರು ಕೆಟ್ಟರೆ, ಮನೆಯೊಡೆಯರಿಗೆ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಿರುವುದು ನಮ್ಮಲ್ಲಿ ವಾಡಿಕೆಯಾಗಿದೆ. “ನೋಡೋಣ” ಎಂಬ ಉತ್ತರವು ಬರುವುದು. ಮನೆಯ ಮುದುಕರು ಮಾಗಿಯ ಚಳಿಯಲ್ಲಿ ತಣ್ಣೀರನ್ನೇ ಮೀಯುವರು. ಕಾಗದ ಬರೆಯುವವರು ಕೂಡ “ಬಹುದಿನಗಳಿಂದ ಕೆಟ್ಟಿದೆ, ಬೇಗ ಸರಿಪಡಿಸಿರಿ” ಎಂದು ಮುಗಿಸುವುದುಂಟು. ಇದರಲ್ಲಿ ಕೆಟ್ಟ ದಿನವೂ ಇಲ್ಲ, ಸರಿಪಡಿಸಬೇಕಾದ ದಿನವೂ ಇಲ್ಲ.

ಈ ಎರಡು ದಿನಗಳು ಏಕೆ ಬೇಕು? 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದ ಮೇರೆಗೆ, ಒಡೆಯನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೆಯೂ ಯುಕ್ತ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ನಡೆಯುವುದು. ಆದುದರಿಂದ ಗೀಸರು ಒಡೆಯರ ಸಾಮಾನುಗಳ ಪಟ್ಟಿಯಲ್ಲಿದೆಯೇ, ದುರಸ್ತಿಯ ಭಾರ ಯಾರದು ಎಂಬುದನ್ನು ಮೊದಲು ಕರಾರುಪತ್ರದಲ್ಲಿ ನೋಡತಕ್ಕುದು.

ಅನಂತರ ದೋಷವನ್ನು ತಿಳಿಯಬೇಕು. ವಾಯಿದೆಯು ಅದನ್ನೇ ಅವಲಂಬಿಸಿದೆ. ಸ್ವಿಚ್ಚು ಹಾಕಿದೊಡನೆ ವಿದ್ಯುತ್ತು ಕಡಿದುಹೋಗುತ್ತಿದ್ದರೆ ಒಳಗಿನ ಕಾಯಿಲಿನಿಂದ ವಿದ್ಯುತ್ತು ಸೋರುತ್ತಿರಬಹುದು. ಒಡನೆಯೇ ಬಳಕೆಯನ್ನು ನಿಲ್ಲಿಸಬೇಕು. ಕೊಳವೆಬಾವಿಯ ಗಡಸು ನೀರಿರುವ ಮನೆಗಳಲ್ಲಿ ಸುಣ್ಣವು ಕಟ್ಟಿ ಕಾಯಿಲು ಕೆಡುವುದು ಹೆಚ್ಚು. ಅದನ್ನು ಬದಲಿಸುವುದು ಕೆಲವು ಗಂಟೆಗಳ ಕೆಲಸ. ಏಳು ದಿನಗಳ ವಾಯಿದೆ ಸಾಕು. ಒಳಗಿನ ತೊಟ್ಟಿಯೇ ತುಕ್ಕು ಹಿಡಿದು ಸೋರಿದರೆ ಹೊಸ ಗೀಸರೇ ಬೇಕಾಗುವುದರಿಂದ ಹದಿನೈದು ದಿನಗಳನ್ನು ಕೊಡುವುದು ನ್ಯಾಯ.

ಬೆಂಗಳೂರಿನ ಬಾಡಿಗೆದಾರರೊಬ್ಬರು ಬರೆಯಬಹುದಾದ ಕಾಗದ ಹೀಗಿರಲಿ:

“ದಿನಾಂಕ ಡಿಸೆಂಬರ್ 14. ಮಾನ್ಯರೆ, ತಮ್ಮ ಮನೆಯ ಬಚ್ಚಲಿನ ಗೀಸರು ಇದೇ ತಿಂಗಳ 3ರಂದು ಕೆಟ್ಟಿತು. 5ರಂದು ವಿದ್ಯುತ್ ಕೆಲಸದವರು ಪರೀಕ್ಷಿಸಿ, ಕಾಯಿಲು ಕೆಟ್ಟಿದೆಯೆಂದೂ ಬಳಸುವುದು ಅಪಾಯವೆಂದೂ ತಿಳಿಸಿದರು. 6ರಂದೂ 11ರಂದೂ ತಮಗೆ ದೂರವಾಣಿಯಲ್ಲಿ ಅರಿಕೆ ಮಾಡಿದ್ದೇನೆ. ಕರಾರಿನಂತೆ ಈ ದುರಸ್ತಿ ತಮ್ಮದಾಗಿದೆ. ದಯವಿಟ್ಟು 21ರೊಳಗೆ ಮಾಡಿಸಿಕೊಡಬೇಕು. ಕೆಲಸದವರು ಯಾವ ದಿನ ಬಂದರೂ ಬೆಳಗ್ಗೆ ಮನೆಯಲ್ಲಿರುತ್ತೇವೆ. ಅಷ್ಟರೊಳಗೆ ಆಗದಿದ್ದರೆ ನಾನೇ ಮಾಡಿಸಿ, ರಸೀದಿಯ ಮೊತ್ತವನ್ನು ಜನವರಿಯ ಬಾಡಿಗೆಯಲ್ಲಿ ಮುರಿದುಕೊಳ್ಳುವೆನು. ಅಂದಾಜು ಪಟ್ಟಿಯನ್ನು ಲಗತ್ತಿಸಿದ್ದೇನೆ. ಇತಿ ತಮ್ಮ ವಿಶ್ವಾಸಿ.”

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯೂ ಇಲ್ಲ. ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ನಕಲನ್ನೂ ರಸೀದಿಯನ್ನೂ ಇಟ್ಟುಕೊಳ್ಳಬೇಕು. ಒಡೆಯರು ಬಿಡಿಭಾಗ ಬರಬೇಕೆಂದು 20ರಂದು ತಿಳಿಸಿದರೆ, ಇನ್ನು ನಾಲ್ಕು ದಿನ ಕೊಟ್ಟು ಅದನ್ನೂ ಬರೆದು ತಿಳಿಸುವುದು ಮೇಲು. ಗೀಸರಿನ ನೆಪದಿಂದ ಇಡೀ ಬಾಡಿಗೆಯನ್ನು ತಡೆಹಿಡಿಯುವುದು ಮಾತ್ರ ಸಲ್ಲದು. ಹಾಗೆ ಮಾಡಿದರೆ ದುರಸ್ತಿಯ ಮಾತು ಹಿಂದಕ್ಕೆ ಸರಿದು, ಬಾಡಿಗೆ ಬಾಕಿಯ ತಪ್ಪು ಬಾಡಿಗೆದಾರನ ತಲೆಯ ಮೇಲೆ ಬರುವುದು.