ಸೊಳ್ಳೆ ಬಿಡೋದಾದ್ರೆ ಪೂರ್ತಿ ಬಿಡಿ

ಹೋದ ಮಳೆಗಾಲದಲ್ಲಿ ನನ್ನ ರೂಮ್‌ಮೇಟ್‌ಗೆ ಡೆಂಗ್ಯೂ ಬಂತು. ಮೊದಲ ಎರಡು ದಿನ ಮಾಮೂಲಿ ಜ್ವರ ಅಂದ್ಕೊಂಡು ಮಾತ್ರೆ ಕೊಟ್ಟು ಮಲಗಿಸಿದ್ವಿ. ಮೂರನೇ ದಿನ ಕಣ್ಣಿನ ಹಿಂದೆ ತಡೆಯೋಕಾಗದಷ್ಟು ನೋವು ಅಂದಾಗ ಆಟೋ ಹತ್ತಿಸಿದ್ವಿ. ಐದು ದಿನ ಅಡ್ಮಿಟ್. ದಿನಾ ಬೆಳಿಗ್ಗೆ ಅವರ ಅಮ್ಮ ಫೋನ್ ಮಾಡಿ ಕೇಳ್ತಿದ್ದಿದ್ದು ಒಂದೇ: "ಇವತ್ತು ಪ್ಲೇಟ್‌ಲೆಟ್ ಎಷ್ಟಪ್ಪ?" ಅವನು ವಾಪಸ್ ಬಂದ ಸಂಜೆ ಹಾಸ್ಟೆಲ್ ಸುತ್ತ ಹೊಗೆ ಹಾಕಿದ್ರು. ಎರಡು ದಿನ ಬಿಟ್ಟು ನೋಡಿದ್ರೆ ಸೊಳ್ಳೆ ಮತ್ತೆ ಹಾಜರ್.

ಅದು ಆಶ್ಚರ್ಯವೇನಲ್ಲ. ಹೊಗೆ ಸಾಯಿಸುವುದು ಆ ಹೊತ್ತಿಗೆ ಹೊರಗೆ ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ. ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟಿ ಹೆಚ್ಚಾಗಿ ರೂಮಿನೊಳಗೆ, ನೇತುಹಾಕಿದ ಬಟ್ಟೆಯ ಹಿಂದೆ, ಮಂಚದ ಕೆಳಗೆ ಕೂತಿರುತ್ತೆ. ಅದರ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು, ನೀರು ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತೆ.

ಇದಕ್ಕೆ ಬೇರೆ ದಾರಿ ಒಂದಿದೆ: ಸೊಳ್ಳೆ ಬಿಡೋದು. ಮೆಸ್ಸಿನಲ್ಲಿ ಹೀಗಂದಾಗ ಎಲ್ಲರೂ ನಕ್ಕರು. "ಇರೋದು ಸಾಲ್ದೇನೋ?" ಅಂದ ಒಬ್ಬ. ಅವನಿಗೆ ಉತ್ತರ ಕೊಡೋಕೆ ಹೋಗಿ ಬರೆದಿದ್ದು ಇದು. ನನ್ನ ವಾದ ಚಿಕ್ಕದು: ಈ ವಿಧಾನ ನಮಗೆ ಬೇಕು, ಆದರೆ ಅರ್ಧಂಬರ್ಧ ಮಾಡುವುದಾದರೆ ಬೇಡವೇ ಬೇಡ. ಯಾಕೆ ಅಂತ ಅದರ ಲೆಕ್ಕವೇ ಹೇಳುತ್ತೆ.

ವೋಲ್ಬಾಕಿಯಾ ಅನ್ನೋದು ಕೀಟಗಳ ಜೀವಕೋಶದ ಒಳಗೇ ಬದುಕುವ ಒಂದು ಬ್ಯಾಕ್ಟೀರಿಯಾ. ಹಣ್ಣಿನ ನೊಣದಲ್ಲಿ ಇದೆ, ಅನೇಕ ಚಿಟ್ಟೆಗಳಲ್ಲಿ ಇದೆ. ಈಡಿಸ್ ಈಜಿಪ್ಟಿಯಲ್ಲಿ ಮಾತ್ರ ಸಹಜವಾಗಿ ಇರಲಿಲ್ಲ. ಆಸ್ಟ್ರೇಲಿಯಾದ ವಿಜ್ಞಾನಿಗಳು ಹಣ್ಣಿನ ನೊಣದ ವೋಲ್ಬಾಕಿಯಾವನ್ನು ಸೂಕ್ಷ್ಮ ಸೂಜಿಯಿಂದ ಸೊಳ್ಳೆಯ ಮೊಟ್ಟೆಯೊಳಗೆ ಸೇರಿಸಿದರು. ಸೊಳ್ಳೆಯ ವಂಶವಾಹಿಯನ್ನು ತಿದ್ದಲಿಲ್ಲ, ಬ್ಯಾಕ್ಟೀರಿಯಾ ಸೇರಿಸಿದರು ಅಷ್ಟೇ. ಅದು ಒಳಗಿದ್ದರೆ ಡೆಂಗ್ಯೂ ವೈರಸ್ ಸೊಳ್ಳೆಯೊಳಗೆ ಸರಿಯಾಗಿ ಬೆಳೆಯುವುದಿಲ್ಲ. ಕಚ್ಚಿದರೂ ರೋಗ ದಾಟುವ ಸಾಧ್ಯತೆ ತುಂಬಾ ಕಡಿಮೆ.

ಸರಿ, ಆದರೆ ಊರಿನ ಲಕ್ಷಾಂತರ ಸೊಳ್ಳೆಗಳಿಗೆ ಇದನ್ನು ಹಬ್ಬಿಸೋದು ಹೇಗೆ? ವೋಲ್ಬಾಕಿಯಾ ನೆಗಡಿಯ ಹಾಗೆ ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ತಾಯಿಯ ಮೊಟ್ಟೆಯ ಮೂಲಕ ಮಾತ್ರ ಮರಿಗಳಿಗೆ ಬರುತ್ತೆ. ಹಾಗಾಗಿ ತನ್ನನ್ನು ಹೊತ್ತ ಹೆಣ್ಣುಗಳ ಸಂತತಿ ಮಾತ್ರ ಹೆಚ್ಚುವ ಹಾಗೆ ಅದು ಒಂದು ಆಟ ಆಡುತ್ತೆ. ಆ ಆಟದ ಹೆಸರು ಸೈಟೋಪ್ಲಾಸ್ಮಿಕ್ ಇನ್‌ಕಂಪ್ಯಾಟಿಬಿಲಿಟಿ, ಚಿಕ್ಕದಾಗಿ ಸಿಐ.

ಹಂತ ಹಂತವಾಗಿ ನೋಡೋಣ. ಮೊದಲು, ಗಂಡು ಸೊಳ್ಳೆಯಲ್ಲಿ ವೀರ್ಯಾಣು ತಯಾರಾಗುವಾಗ ವೋಲ್ಬಾಕಿಯಾದ ಎರಡು ಪ್ರೋಟೀನ್‌ಗಳು, ಸಿಫ್‌ಎ ಮತ್ತು ಸಿಫ್‌ಬಿ, ಸೇರಿ ಅದನ್ನು ಕೆಡಿಸುತ್ತವೆ. ಬಲಿತ ವೀರ್ಯಾಣುವಿನಲ್ಲಿ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಅದರ ಕಿತಾಪತಿ ಮಾತ್ರ ಉಳಿಯುತ್ತೆ. ಎರಡನೆಯದಾಗಿ, ಈ ವೀರ್ಯಾಣು ವೋಲ್ಬಾಕಿಯಾ ಇಲ್ಲದ ಹೆಣ್ಣಿನ ಮೊಟ್ಟೆಯನ್ನು ಸೇರಿದಾಗ, ತಂದೆಯ ಕ್ರೋಮೋಸೋಮ್‌ಗಳು ವಿಭಜನೆಗೆ ರೆಡಿ ಆಗುವುದು ತಡವಾಗುತ್ತೆ. ತಾಯಿಯ ಕ್ರೋಮೋಸೋಮ್‌ಗಳು ಕಾಯುವುದಿಲ್ಲ, ಮೊದಲ ವಿಭಜನೆಗೆ ಹೊರಟೇಬಿಡುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟೈಮಿಂಗ್ ಮಿಸ್. ಭ್ರೂಣ ಅಲ್ಲಿಗೇ ಸಾಯುತ್ತೆ, ಮೊಟ್ಟೆ ಒಡೆಯುವುದಿಲ್ಲ. ಮೂರನೆಯದಾಗಿ, ಹೆಣ್ಣಿನಲ್ಲೂ ವೋಲ್ಬಾಕಿಯಾ ಇದ್ದರೆ ಅವಳ ಮೊಟ್ಟೆಯೊಳಗಿನ ಸಿಫ್‌ಎ ಆ ಕೆಡುಕನ್ನು ಸರಿಪಡಿಸುತ್ತೆ. ಗಂಡು ಬೀಗ ಹಾಕಿ ಕಳಿಸುತ್ತೆ, ಕೀಲಿಕೈ ಇರೋದು ಸೋಂಕಿರುವ ಹೆಣ್ಣಿನ ಹತ್ತಿರ ಮಾತ್ರ.

ಅಂದರೆ ಸೋಂಕಿರುವ ಹೆಣ್ಣು ಯಾವ ಗಂಡಿನ ಜೊತೆ ಕೂಡಿದರೂ ಮರಿ ಆಗುತ್ತೆ, ಮರಿಗಳಲ್ಲೂ ವೋಲ್ಬಾಕಿಯಾ ಇರುತ್ತೆ. ಸೋಂಕಿಲ್ಲದ ಹೆಣ್ಣಿಗೆ ಸೋಂಕಿರುವ ಗಂಡು ಸಿಕ್ಕರೆ ಅವಳ ಮೊಟ್ಟೆಗಳೆಲ್ಲ ವ್ಯರ್ಥ.

ಇಲ್ಲಿಂದ ನನ್ನ ವಾದ ಶುರು. ವೋಲ್ಬಾಕಿಯಾ ಹೊತ್ತಿರುವುದಕ್ಕೆ ಸೊಳ್ಳೆಯೂ ಸ್ವಲ್ಪ ಬೆಲೆ ತೆರುತ್ತೆ. ಲೆಕ್ಕಕ್ಕೆ ಅಂತ, ಅದು 100ರ ಬದಲು 80 ಮರಿಗಳನ್ನು ಕೊಡುತ್ತೆ ಅಂತ ಇಟ್ಟುಕೊಳ್ಳೋಣ. ಊರಿನ ಸೊಳ್ಳೆಗಳಲ್ಲಿ 10% ಮಾತ್ರ ಸೋಂಕು ಇದ್ದರೆ, ಸೋಂಕಿಲ್ಲದ ಹೆಣ್ಣಿಗೆ ಕೆಟ್ಟ ಗಂಡು ಸಿಗುವ ಸಾಧ್ಯತೆಯೂ 10%. ಸರಾಸರಿ ಅವಳ 90 ಮರಿಗಳು ಉಳಿಯುತ್ತವೆ. 90 ಎದುರು 80, ವೋಲ್ಬಾಕಿಯಾ ಸೋಲುತ್ತೆ. ಅದೇ 40% ಇದ್ದರೆ ಅವಳಿಗೆ ಉಳಿಯುವುದು 60. ಈಗ 80 ಗೆಲ್ಲುತ್ತೆ. ನಂಬಿಕೆ ಇಲ್ಲದವರು ಓಡಿಸಿ ನೋಡಿ:

```python
p, s = 0.4, 0.2
for g in range(5):
    p = p*(1-s) / (p*(1-s) + (1-p)**2)
    print(g+1, round(p, 2))
```

ಐದು ತಲೆಮಾರಿನಲ್ಲಿ 40% ಇದ್ದದ್ದು 47, 57, 72, 88, ಕೊನೆಗೆ 98 ಆಗುತ್ತೆ. ಈಗ `p` ಅನ್ನು 0.1 ಮಾಡಿ. 10 ಇದ್ದದ್ದು 9, ಆಮೇಲೆ 8, ಹೀಗೆ ಇಳಿಯುತ್ತಾ ಹೋಗುತ್ತೆ. ನಡುವೆ ಒಂದು ಹೊಸ್ತಿಲು ಇದೆ, ಈ ಲೆಕ್ಕದಲ್ಲಿ 20%. ದಾಟಿದರೆ ತಾನಾಗೇ ಹಬ್ಬುತ್ತೆ, ದಾಟದಿದ್ದರೆ ಬಿಟ್ಟ ಸೊಳ್ಳೆಗಳೆಲ್ಲ ವ್ಯರ್ಥ.

ಹೊಸ್ತಿಲು ದಾಟಿದರೆ ಏನಾಗುತ್ತೆ ಅನ್ನೋದಕ್ಕೆ ಇಂಡೋನೇಷ್ಯಾದ ಯೋಗ್ಯಕರ್ತ ಸಾಕ್ಷಿ. ನಗರವನ್ನು 24 ಭಾಗ ಮಾಡಿ, ಚೀಟಿ ಎತ್ತಿದ ಹಾಗೆ 12 ಭಾಗಗಳನ್ನು ಆರಿಸಿ, ಅಲ್ಲಿ 2017ರಲ್ಲಿ ಸೊಳ್ಳೆ ಮೊಟ್ಟೆಗಳಿದ್ದ ಡಬ್ಬಿಗಳನ್ನು ತಿಂಗಳುಗಟ್ಟಲೆ, ಎರಡು ವಾರಕ್ಕೊಮ್ಮೆ ಇಟ್ಟರು. ಆಮೇಲೆ ಜ್ವರ ಅಂತ ಕ್ಲಿನಿಕ್‌ಗೆ ಬಂದವರನ್ನು ಪರೀಕ್ಷಿಸಿದರು. ಸೊಳ್ಳೆ ಬಿಟ್ಟ ಕಡೆಯವರಲ್ಲಿ 2.3% ಜನರಿಗೆ ಡೆಂಗ್ಯೂ ಇತ್ತು, ಬಿಡದ ಕಡೆ 9.4%. ಒಟ್ಟು ಲೆಕ್ಕದಲ್ಲಿ ಡೆಂಗ್ಯೂ 77% ಇಳಿದಿತ್ತು, ಆಸ್ಪತ್ರೆ ಸೇರುವಂಥ ಡೆಂಗ್ಯೂ 86%. ನನಗೆ ಮುಖ್ಯ ಅನಿಸೋದು ಈ ಎರಡನೇ ಸಂಖ್ಯೆ. ಆ ಐದು ದಿನ ನಾನೂ ಆಸ್ಪತ್ರೆಯಲ್ಲೇ ಕೂತಿದ್ದೆ.

ಎಲ್ಲ ಕಡೆ ಹೀಗೆ ಸಲೀಸಾಗಿ ಆಗಿಲ್ಲ. ಬ್ರೆಜಿಲ್‌ನ ರಿಯೊ ಹತ್ತಿರ ಮೊದಲ ಸಲ ಬಿಟ್ಟ ಸೊಳ್ಳೆಗಳಿಗೆ ಅಲ್ಲಿನ ಜನ ಮನೆಯಲ್ಲಿ ಹೊಡೆಯುವ ಕೀಟನಾಶಕ ತಡೆಯುವ ಶಕ್ತಿ ಇರಲಿಲ್ಲ. ಊರಿನ ಸೊಳ್ಳೆಗಳಿಗೆ ಇತ್ತು. ಬಿಡುವುದನ್ನು ನಿಲ್ಲಿಸಿದ ಮೇಲೆ ವೋಲ್ಬಾಕಿಯಾ ಕುಸಿಯಿತು. ಸ್ಥಳೀಯ ಸೊಳ್ಳೆಗಳ ಜೊತೆ ಅಡ್ಡತಳಿ ಮಾಡಿ ಮತ್ತೆ ಬಿಟ್ಟಾಗಲೇ ನೆಲೆ ನಿಂತಿತು. ಬಿಸಿಲೂ ಒಂದು ಸಮಸ್ಯೆ. ಲಾರ್ವಾ ಇರುವ ನೀರು ತುಂಬಾ ಬಿಸಿಯಾದರೆ ಹಣ್ಣಿನ ನೊಣದಿಂದ ತಂದ ತಳಿಯ ಬ್ಯಾಕ್ಟೀರಿಯಾ ಸೊಳ್ಳೆಯೊಳಗೆ ಕಡಿಮೆಯಾಗಿ ಸಿಐ ದುರ್ಬಲವಾಗುತ್ತೆ. ಅದಕ್ಕೇ ಕ್ವಾಲಾಲಂಪುರದಲ್ಲಿ ಬಿಸಿ ತಡೆಯುವ ಬೇರೆ ತಳಿ ಬಳಸಿದರು. ಇದೆಲ್ಲ ಗೊತ್ತಾಗಬೇಕಾದರೆ ಬಿಟ್ಟು ಕೈತೊಳೆದುಕೊಂಡರೆ ಆಗಲ್ಲ. ಸೊಳ್ಳೆಗಳನ್ನು ಬಲೆಯಲ್ಲಿ ಹಿಡಿದು, ಪಿಸಿಆರ್ ಮಾಡಿ, ಎಷ್ಟು ಪರ್ಸೆಂಟ್ ಅಂತ ಎಣಿಸುತ್ತಲೇ ಇರಬೇಕು.

ನಮ್ಮಲ್ಲಿ ಪುದುಚೇರಿಯ ಐಸಿಎಂಆರ್ ಕೇಂದ್ರ ಈಗಾಗಲೇ ಭಾರತದ ಸೊಳ್ಳೆಗಳಲ್ಲಿ ಎರಡೂ ತಳಿಗಳನ್ನು ಬೆಳೆಸಿದೆ. ಹಾಗಾಗಿ ಮುಂದೊಂದು ದಿನ ನಮ್ಮ ಬೀದಿಗೂ ಈ ಪ್ರಶ್ನೆ ಬರಬಹುದು. ಆಗ ನನ್ನ ಬೇಡಿಕೆ ಎರಡು. ಮೊದಲನೆಯದು, ಒಂದು ಕ್ಯಾಂಪಸ್, ಒಂದು ಪಾರ್ಕ್ ಅಂತ ಫೋಟೋಗೆ ಬಿಡಬೇಡಿ. ಕಾಂಪೌಂಡ್ ಆಚೆಯ ಸೊಳ್ಳೆಗಳು ನುಗ್ಗಿ ನಮ್ಮ ಪರ್ಸೆಂಟ್ ಅನ್ನು ಹೊಸ್ತಿಲಿನ ಕೆಳಗೆ ಎಳೆಯುತ್ತವೆ. ಇಡೀ ವಾರ್ಡುಗಳಿಗೆ, ಸಾಕಷ್ಟು ತಿಂಗಳು ಬಿಡಿ.

ಎರಡನೆಯದು, ಮೊದಲು ಜನರನ್ನು ಕೇಳಿ. 1970ರ ದಶಕದಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೊಳ್ಳೆ ಬಿಡುವ ಸಂಶೋಧನೆ ನಡೆಸುತ್ತಿದ್ದವು. ಅದು ಜೈವಿಕ ಯುದ್ಧದ ತಯಾರಿ ಅನ್ನೋ ಆರೋಪ ಪತ್ರಿಕೆಗಳಲ್ಲಿ ಎದ್ದು, 1975ರಲ್ಲಿ ಎಲ್ಲ ನಿಂತುಹೋಯಿತು. ಬಿಡುವ ತಿಂಗಳುಗಳಲ್ಲಿ ಸೊಳ್ಳೆ ಸ್ವಲ್ಪ ಜಾಸ್ತಿಯೇ ಇರುತ್ತೆ. ಯಾಕೆ ಅಂತ ಗೊತ್ತಿಲ್ಲದ ಮನೆಯವರು ಡಬ್ಬಿಯ ನೀರು ಚೆಲ್ಲುತ್ತಾರೆ, ಸ್ಪ್ರೇ ಹೊಡೆಯುತ್ತಾರೆ. ಅವರ ತಪ್ಪಲ್ಲ. ಆದರೆ ಹಾಗಾದರೆ ಹೊಸ್ತಿಲು ದಾಟೋದೇ ಇಲ್ಲ.

ಅಲ್ಲಿಯವರೆಗೆ ನಮ್ಮ ಬ್ಲಾಕಿನ ಹಿಂದಿರುವ ನೀಲಿ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯುವ ಕೆಲಸ ನಾನು, ನನ್ನ ರೂಮ್‌ಮೇಟ್ ವಹಿಸಿಕೊಂಡಿದ್ದೇವೆ. ಮೆಸ್ಸಿನಲ್ಲಿ ನಕ್ಕವನೂ ಈ ಭಾನುವಾರ ಬರ್ತೀನಿ ಅಂದಿದ್ದಾನೆ.