ಆಜ್ಞೆಯ ಮೇಲೊಂದು ಕಾನೂನು

‘ಸರಕಾರದ ಆಜ್ಞೆ, ನಾವೇನು ಮಾಡೋಣ?’ ಎಂದು ಕೈಚೆಲ್ಲುವ ಹಿಂದೂಪುರ, ಕಲ್ಯಾಣದುರ್ಗದ ಬಂಧುಗಳು ಕೆಲ್ಸನ್ನನ ಶುದ್ಧ ಕಾನೂನು ಸಿದ್ಧಾಂತವನ್ನು ಕೇಳಲಿ. ಪ್ರತಿ ನಿಯಮಕ್ಕೂ ಬಲ ಬರುವುದು ಮೇಲಿನ ನಿಯಮದಿಂದ: ಆಜ್ಞೆಗೆ ಕಾಯಿದೆ, ಕಾಯಿದೆಗೆ ಸಂವಿಧಾನ. ಸಂವಿಧಾನವನ್ನು ಪಾಲಿಸತಕ್ಕದ್ದೆಂಬುದು ಒಪ್ಪಿಕೊಂಡೇ ಹೊರಡುವ ಮೂಲನಿಯಮ.

2019ರಲ್ಲಿ ಆಂಧ್ರ ಸರಕಾರ ತನ್ನ ಶಾಲೆಗಳಲ್ಲಿ 1ರಿಂದ 6ನೇ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯಗೊಳಿಸುವ ಆಜ್ಞೆ ಹೊರಡಿಸಿತು. ಬೋಧನೆ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಕಲಮು ಹೇಳುತ್ತದೆ. ಕೆಳಗಿನದು ಮೇಲಿನದನ್ನು ಮೀರಿತ್ತು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಆಜ್ಞೆಯನ್ನು ರದ್ದುಮಾಡಿತು.

ಆದರೆ ಈ ಏಣಿ ಅಳೆಯುವುದು ಸಿಂಧುತ್ವವನ್ನು, ನ್ಯಾಯವನ್ನಲ್ಲ. ‘ಸಾಧ್ಯವಾದಷ್ಟೂ’ ಎಂಬ ಮಾತಿನ ಸಂದಿನಲ್ಲೇ ನಮ್ಮ ಕನ್ನಡ ಮೇಷ್ಟರ ಹುದ್ದೆ ಕಳೆದುಹೋಗಬಹುದು. ಆದ್ದರಿಂದ ಕಚೇರಿಗೆ ಹೋದಾಗ ಅಂಗಲಾಚಬೇಡಿ. ‘ಯಾವ ಕಲಮಿನಡಿ ಈ ಆಜ್ಞೆ?’ ಎಂದು ಕೇಳಿ.