ಕಲೆ ಹೋಗಲಿ, ದಡ ಉಳಿಯಲಿ

ಪೆನ್ಸಿಲ್ ಚಿತ್ರ ಸ್ಕ್ಯಾನ್ ಆದ ಕೂಡಲೇ ಬಹಳ ಮಂದಿ ಕಾಂಟ್ರಾಸ್ಟ್ ಏರಿಸಿ ಕಾಗದವನ್ನು ಬೆಳ್ಳಗೆ ಮಾಡಿಬಿಡುತ್ತಾರೆ. ಕೈ ಒರಸಿದ ಕಲೆಗಳು ಮಾಯವಾಗುತ್ತವೆ. ಅವುಗಳ ಜೊತೆ ಇನ್ನೇನು ಹೋಯಿತೆಂದು ನೋಡುವವರು ಕಡಿಮೆ. ಈ ಅಭ್ಯಾಸ ಬಿಡಬೇಕು ಎಂಬುದು ನನ್ನ ವಾದ.

ಕಾಶಿಯ ಕರ್ನಾಟಕ ಘಾಟ್‌ನಲ್ಲಿ ಕೂತು ಬರೆದ ಒಂದು ಚಿತ್ರವನ್ನೇ ನೋಡೋಣ. ಮುಂದೆ ಮೆಟ್ಟಿಲು, ದೋಣಿ, ಆಚೆಗೆ ಗಂಗೆ, ಅದರಾಚೆ ಪೂರ್ವದ ದಡ. ಈಚೆ ದಡದಲ್ಲಿ ಘಾಟ್‌ಗೆ ಘಾಟ್ ಅಂಟಿಕೊಂಡಿದ್ದರೆ ಆಚೆ ಮರಳ ಬಯಲು. ಕಾಗದದಲ್ಲಿ ಅದು ಒಂದು ತೆಳು ಗೆರೆ, ಅಷ್ಟೇ. ಆ ಗೆರೆ ಹೋದರೆ ನದಿಯೂ ಆಕಾಶವೂ ಒಂದಾಗಿ, ಕಾಶಿ ಕಾಶಿಯಾಗಿ ಉಳಿಯುವುದಿಲ್ಲ.

600 ಡಿಪಿಐನಲ್ಲಿ, ಕಪ್ಪು-ಬಿಳಿಯ ನಡುವಿನ ಬೂದುಬಣ್ಣಗಳೂ ಉಳಿಯುವಂತೆ ಸ್ಕ್ಯಾನ್ ಮಾಡಿದ್ದೇವೆ ಎನ್ನಿ. ಕಪ್ಪು 0, ಬಿಳಿ 255. ಕಾಗದ ಸುಮಾರು 240, ಮೆಟ್ಟಿಲಿನ ಗೆರೆಗಳು 100ರ ಆಸುಪಾಸು, ಅಂಗೈ ಒರಸಿದ ಕಲೆ 210, ಆಚೆ ದಡದ ಗೆರೆಯೂ 210. ತೊಂದರೆ ಇರುವುದು ಇಲ್ಲೇ. Levels ತೆರೆದು ಬಿಳಿಯ ತುದಿಯನ್ನು 235ಕ್ಕೆ ತಂದರೆ ಕಾಗದ ಬಿಳಿಯಾಗುತ್ತದೆ, ಕಲೆ ಉಳಿಯುತ್ತದೆ. 200ಕ್ಕೆ ಎಳೆದರೆ ಕಲೆ ಹೋಗುತ್ತದೆ, ದಡವೂ ಹೋಗುತ್ತದೆ. ಎರಡರ ಬಣ್ಣವೂ ಒಂದೇ ಆದ್ದರಿಂದ ಯಾವುದು ದಡ, ಯಾವುದು ಕೊಳೆ ಎಂಬುದು ಆ ಸಂಖ್ಯೆಗೆ ಗೊತ್ತಾಗದು. ಬರೆದವರಿಗೆ ಗೊತ್ತು.

ಹಾಗಾಗಿ Levels ಕಾಗದದ ಮಟ್ಟಿಗೆ ಸಾಕು, 235ರಲ್ಲೇ ನಿಲ್ಲಿಸಿ. ಉಳಿದ ಕಲೆಗಳನ್ನು ಮೂಲ ಪ್ರತಿಯನ್ನು ಮುಟ್ಟದೆ, ಅದರ ಮೇಲೊಂದು ಖಾಲಿ ಲೇಯರ್ ಇಟ್ಟು ಬಿಳಿ ಬ್ರಷ್‌ನಿಂದ ಮುಚ್ಚಿ. ದಡದ ಹತ್ತಿರ ಬಂದಾಗ ಬ್ರಷ್ ಚಿಕ್ಕದಾಗಲಿ, ಗೆರೆಯ ಎರಡೂ ಬದಿಯಲ್ಲಿ ಸಾಗಲಿ. ತಪ್ಪಿದರೆ ಬಿಳಿಯನ್ನು ಅಳಿಸಿದರಾಯಿತು, ಗೆರೆ ಕೆಳಗೇ ಇರುತ್ತದೆ.

ಮೆಟ್ಟಿಲುಗಳನ್ನು ಕೂಡಿಸಲು ಎಳೆದ ಅಡ್ಡಾದಿಡ್ಡಿ ಗೆರೆಗಳನ್ನು ಏನು ಮಾಡುವುದು? ಇಂಕನ್ನು ಬೇರೆ ಲೇಯರ್‌ನಲ್ಲಿ ಹಾಕುವವರು ಅವನ್ನು ಅಳಿಸಬೇಕಿಲ್ಲ. ಪೆನ್ಸಿಲ್ ಲೇಯರನ್ನು ಶೇ. 30ಕ್ಕೆ ಮಸುಕು ಮಾಡಿ ಮೇಲೆ ಇಂಕ್ ಹಾಕಿ, ಕೊನೆಗೆ ಅದನ್ನೇ ಮರೆಮಾಡಿ. ಗಂಟೆಗಟ್ಟಲೆ ಅಳಿಸುವ ಕೆಲಸ ಪೆನ್ಸಿಲ್ ಗೆರೆಯನ್ನೇ ಉಳಿಸಿಕೊಂಡು ಬಣ್ಣ ತುಂಬುವವರಿಗೆ ಮಾತ್ರ. ಅಲ್ಲಿ ಕಣ್ಣಿಗೆ ಕಾಣದ ಚುಕ್ಕೆಯೂ ಕಾಡುತ್ತದೆ: ನೀರಿಗೆ ಒಮ್ಮೆಲೇ ನೀಲಿ ಸುರಿದರೆ ಚುಕ್ಕೆಯ ಸುತ್ತ ಬಿಳಿ ರಂಧ್ರ ಉಳಿಯುತ್ತದೆ.

ಅದನ್ನು ಮೊದಲೇ ಹಿಡಿಯಲು ಚಿತ್ರದ ನಕಲೊಂದಕ್ಕೆ Threshold ಹಾಕಿ 250ರಲ್ಲಿಡಿ. 250ಕ್ಕಿಂತ ಕೆಳಗಿರುವ ಪ್ರತಿ ಚುಕ್ಕೆಯೂ ಕಪ್ಪಾಗಿ ಎದ್ದು ಕಾಣುತ್ತದೆ. ಆ ಕಪ್ಪಿನಲ್ಲಿ ಆಚೆ ದಡವೂ ಕಾಣಬೇಕು. ಕಾಣದಿದ್ದರೆ ಶುಚಿ ಮಾಡಿದ್ದು ಹೆಚ್ಚಾಯಿತು ಎಂದರ್ಥ.